ಸೊನ್ನೆಯ ಪಕ್ಕದ ಮೊದಲ ಪಟ್ಟಿ

ಕಳೆದ ತಿಂಗಳು ಒಂದು ಭಾನುವಾರ ಮಂಡ್ಯದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮುದ್ದೆ, ಬಸ್ಸಾರು ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅಕ್ಕನ ಮಗಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಅವಳೀಗ ಸೆಕೆಂಡ್ ಪಿಯುಸಿ, ಸಿಇಟಿಗೆ ಓದುತ್ತಿದ್ದಾಳೆ. n ಫ್ಯಾಕ್ಟೋರಿಯಲ್‌ನ n-ನೇ ಮೂಲ ತೆಗೆದು ಅದನ್ನು n-ನಿಂದ ಭಾಗಿಸಿದರೆ, n ದೊಡ್ಡದಾಗುತ್ತಾ ಹೋದಂತೆ ಏನಾಗುತ್ತದೆ ಅನ್ನೋ ಲೆಕ್ಕ. ನಾಲ್ಕು ಸಾಲಿನಲ್ಲಿ ನೀಟಾಗಿ ಮಾಡಿದ್ದಳು. ಉತ್ತರ 1/e. "ಸರಿ ಇದೆ ಕಣವ್ವ" ಅಂದೆ. "ಉತ್ತರ ಸರಿ ಇದೆ ಅಂತ ನಂಗೂ ಗೊತ್ತು ಮಾವ, ಹಿಂದಿನ ಪುಟದಲ್ಲೇ ಇದೆ. ಆದರೆ ಇಲ್ಲಿ ನೋಡು, ಇಂಟಿಗ್ರಲ್ ಸೊನ್ನೆಯಿಂದ ಶುರು ಆಗುತ್ತೆ. ಸೊನ್ನೆಗೆ ಲಾಗ್ ಇಲ್ವಲ್ಲ? ಇಲ್ಲದೇ ಇರೋ ಜಾಗದಿಂದ ಶುರು ಮಾಡಿ ಉತ್ತರ ಹೇಗೆ ಬಂತು?" ಅಂದಳು.

ಈ ಲೆಕ್ಕವನ್ನು ನಾನು ಮೈಸೂರಿನಲ್ಲಿ ಸಂಜೆ ಟ್ಯೂಷನ್‌ಗೆ ಬರುವ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ಆ ಸಾಲಿನಲ್ಲಿ ಒಂದು ಸಲವೂ ನಿಂತಿರಲಿಲ್ಲ. "ಅದು ಇಂಪ್ರಾಪರ್ ಇಂಟಿಗ್ರಲ್, ಲಿಮಿಟ್ ತಗೊಂಡ್ರೆ ಬರುತ್ತೆ" ಅಂತ ಹೇಳಿ ಮುಗಿಸಿದೆ. ಅವಳು ತಲೆ ಆಡಿಸಿದಳು, ಒಪ್ಪಲಿಲ್ಲ. ವಾಪಸ್ ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನನಗೂ ಗೊತ್ತಾಗಿತ್ತು, ನಾನು ಕೊಟ್ಟಿದ್ದು ಅರ್ಧ ಉತ್ತರ ಅಂತ. ಇಂಟಿಗ್ರಲ್‌ಗೆ ಬೆಲೆ ಇದೆ ಅನ್ನುವುದು ಒಂದು ಮಾತು. ನಮ್ಮ ಮೊತ್ತ ಆ ಬೆಲೆಗೇ ಹೋಗಿ ಸೇರುತ್ತದೆ ಅನ್ನುವುದು ಬೇರೆಯೇ ಮಾತು. ಅವಳು ಕೇಳಿದ್ದು ಎರಡನ್ನೂ.

ಮೊದಲು ಆ ನಾಲ್ಕು ಸಾಲು

ಲೆಕ್ಕದ ಸುಲಭದ ಭಾಗ ಇದು, ಬೇಗ ಹೇಳಿಬಿಡುತ್ತೇನೆ. ನಮ್ಮ ಸಂಖ್ಯೆಗೆ a_n ಅಂತ ಹೆಸರಿಡೋಣ.

a_n = (n!)^(1/n) / n

ಕೆಳಗಿರುವ n ಅನ್ನು ಮೂಲದ ಒಳಗೆ ತಳ್ಳಬೇಕು. n ಅಂದರೆ n^n-ನ n-ನೇ ಮೂಲ ತಾನೇ? ಹಾಗಾಗಿ ಮೂಲದ ಒಳಗೆ n!/n^n ಉಳಿಯುತ್ತದೆ. ಮೇಲೆ n ಸಂಖ್ಯೆಗಳ ಗುಣಲಬ್ಧ, ಕೆಳಗೂ n ಸಲ n. ಮೇಲಿನ ಒಂದೊಂದಕ್ಕೂ ಕೆಳಗಿನ ಒಂದು n ಕೊಟ್ಟುಬಿಟ್ಟರೆ 1/n, 2/n, 3/n ಹೀಗೆ n/n ತನಕ ಎಲ್ಲವನ್ನೂ ಗುಣಿಸಿದ ಹಾಗೆ ಆಗುತ್ತದೆ. ಈಗ ಲಾಗ್ ತೆಗೆದರೆ ಗುಣಾಕಾರ ಹೋಗಿ ಕೂಡುವುದಾಗುತ್ತದೆ, n-ನೇ ಮೂಲ ಹೋಗಿ 1/n ಆಗುತ್ತದೆ.

ln a_n = (1/n) · [ ln(1/n) + ln(2/n) + … + ln(n/n) ]

ಬಲಗಡೆ ಇರುವುದು ಸೊನ್ನೆಯಿಂದ ಒಂದರ ತನಕದ ಜಾಗವನ್ನು n ಸಮ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಬಲ ತುದಿಯಲ್ಲಿ ln x ಎಷ್ಟಿದೆ ಅಂತ ನೋಡಿ, ಅದನ್ನು ಪಟ್ಟಿಯ ಅಗಲ 1/n-ನಿಂದ ಗುಣಿಸಿ ಕೂಡಿದ್ದು. ಇದೇ ರೀಮನ್ ಮೊತ್ತ. ಕೋಚಿಂಗ್‌ನಲ್ಲಿ ಇದನ್ನು ಮಂತ್ರದ ಹಾಗೆ ಕಲಿಸುತ್ತಾರೆ: k/n ಇದ್ದ ಕಡೆ x ಹಾಕು, 1/n ಇದ್ದ ಕಡೆ dx ಹಾಕು, ಸಿಗ್ಮಾ ತೆಗೆದು ಇಂಟಿಗ್ರಲ್ ಹಾಕು. ಹಾಕಿದರೆ ಸೊನ್ನೆಯಿಂದ ಒಂದರ ತನಕ ln x-ನ ಇಂಟಿಗ್ರಲ್ ಸಿಗುತ್ತದೆ, ಅದು −1, ಆದ್ದರಿಂದ a_n ಹೋಗುವುದು e^(−1) ಕಡೆಗೆ, ಅಂದರೆ ಸುಮಾರು 0.3679.

ಇನ್ನೊಂದು ಮಾತು. a_n ಅಂದರೆ 1/n, 2/n, … 1 ಇವುಗಳ ಗುಣೋತ್ತರ ಸರಾಸರಿ. ಇವನ್ನೇ ಕೂಡಿ ಭಾಗಿಸುವ ಮಾಮೂಲಿ ಸರಾಸರಿ ಅರ್ಧದ ಕಡೆಗೆ ಹೋಗುತ್ತದೆ. ಗುಣಿಸಿ ಮೂಲ ತೆಗೆದಾಗ ಚಿಕ್ಕ ಸಂಖ್ಯೆಗಳು ಜಾಸ್ತಿ ಕೆಳಕ್ಕೆ ಎಳೆಯುತ್ತವೆ. ಹಾಗೆ ಎಳೆದೂ ಎಳೆದೂ 0.5 ಅನ್ನು 0.3679ಕ್ಕೆ ತಂದು ನಿಲ್ಲಿಸುತ್ತವೆ. ಸೊನ್ನೆಗೆ ಇನ್ನೂ ಹತ್ತಿರ ಎಳೆದುಕೊಂಡು ಹೋಗದೆ ಅಲ್ಲೇ ಯಾಕೆ ನಿಲ್ಲಬೇಕು? ಹುಡುಗಿಯ ಪ್ರಶ್ನೆಯ ಇನ್ನೊಂದು ಮುಖ ಇದು.

ಮಂತ್ರ ಎಲ್ಲಿ ಕೈ ಕೊಡುತ್ತದೆ

ಆ ಮಂತ್ರದ ಹಿಂದೆ ಒಂದು ಪ್ರಮೇಯ ಇದೆ. ಮುಚ್ಚಿದ ಅಂತರದಲ್ಲಿ, ಅಂದರೆ ಎರಡೂ ತುದಿ ಸೇರಿದ ಜಾಗದಲ್ಲಿ, ಫಂಕ್ಷನ್ ಎಲ್ಲೂ ಕಡಿಯದೆ ಸಾಗಿದರೆ ರೀಮನ್ ಮೊತ್ತ ಇಂಟಿಗ್ರಲ್‌ಗೆ ಹೋಗುತ್ತದೆ. ಪಟ್ಟಿಯ ಒಳಗೆ ಎಡ ತುದಿ ಆರಿಸಿ, ಬಲ ತುದಿ ಆರಿಸಿ, ನಡುವೆ ಎಲ್ಲಾದರೂ ಆರಿಸಿ, ಉತ್ತರ ಅದೇ. ರೀಮನ್ 1854ರಲ್ಲಿ ಕೊಟ್ಟ ಅರ್ಥದಲ್ಲಿ ಇಂಟಿಗ್ರಲ್ ಇರಬೇಕಾದರೆ ಫಂಕ್ಷನ್‌ಗೆ ಒಂದು ಎಲ್ಲೆ ಇರಲೇಬೇಕು, ಮೇಲಕ್ಕಾಗಲಿ ಕೆಳಕ್ಕಾಗಲಿ ಅದು ಕೊನೆಯಿಲ್ಲದೆ ಓಡಿಹೋಗಬಾರದು. ln x ಸೊನ್ನೆಯ ಹತ್ತಿರ ಕೆಳಕ್ಕೆ ಓಡಿಹೋಗುತ್ತದೆ. ಆದ್ದರಿಂದ ಆ ಪ್ರಮೇಯ ಇಲ್ಲಿ ನಮಗೆ ಏನನ್ನೂ ಕೊಡುವುದಿಲ್ಲ.

ಇದು ಸುಮ್ನೆ ತಾಂತ್ರಿಕ ತಕರಾರು ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ಆ ರಾತ್ರಿ ಮನೆಗೆ ಬಂದು, ಪ್ರಮೇಯ ಇಲ್ಲದೆ ಮಂತ್ರ ಹೇಳಿದರೆ ನಿಜವಾಗಲೂ ತಪ್ಪು ಉತ್ತರ ಬರುತ್ತದಾ ಅಂತ ಹುಡುಕಿದೆ. ಬರುತ್ತದೆ. ಎಡ ತುದಿ ತೆಗೆದುಕೊಂಡರೆ ಮೊದಲ ಪಟ್ಟಿಯಲ್ಲೇ ln 0 ಬಂದು ಲೆಕ್ಕ ನಿಂತುಹೋಗುತ್ತದೆ, ಅದು ಎಲ್ಲರಿಗೂ ಕಾಣುವ ತಪ್ಪು. ಕಾಣದ ತಪ್ಪು ಬೇರೆ ಇದೆ. ಎಲ್ಲ ಪಟ್ಟಿಗಳಲ್ಲೂ ಬಲ ತುದಿಯನ್ನೇ ಇಟ್ಟುಕೊಳ್ಳಿ. ಮೊದಲ ಪಟ್ಟಿಯಲ್ಲಿ ಮಾತ್ರ 1/n ಬದಲು e^(−n) ಆರಿಸಿ. ಅದು ಸೊನ್ನೆಗೂ 1/n-ಗೂ ನಡುವೆಯೇ ಇದೆ, ಆ ಪಟ್ಟಿಯ ಒಳಗೇ ಇದೆ, ಆರಿಸುವುದಕ್ಕೆ ಪೂರ್ತಿ ಹಕ್ಕಿದೆ. ಅಲ್ಲಿ ಲಾಗ್ −n. ಅದನ್ನು ಅಗಲ 1/n-ನಿಂದ ಗುಣಿಸಿದರೆ −1. ಪಟ್ಟಿ ಎಷ್ಟೇ ಸಣ್ಣದಾದರೂ ಆ ಒಂದು ಪಟ್ಟಿಯ ಪಾಲು −1 ಆಗಿಯೇ ಇರುತ್ತದೆ, ಕರಗುವುದೇ ಇಲ್ಲ. ಉಳಿದ ಪಟ್ಟಿಗಳು ಸೇರಿ −1 ಕಡೆಗೆ ಹೋಗುತ್ತವೆ. ಒಟ್ಟು −2. ಅದೇ ಫಂಕ್ಷನ್, ಅದೇ ಪಟ್ಟಿಗಳು, ಒಂದೇ ಒಂದು ಬಿಂದು ಬದಲು, ಉತ್ತರ 1/e ಹೋಗಿ 1/e² ಆಗಿಬಿಡುತ್ತದೆ. e^(−n) ಬದಲು e^(−n²) ಆರಿಸಿದ್ದರೆ ಮೊತ್ತ ಎಲ್ಲೂ ನಿಲ್ಲದೆ ಕೆಳಗೆ ಹೋಗುತ್ತಿತ್ತು.

ಇದನ್ನು ಬರೆದು ನೋಡಿದಾಗ ನಿಜವಾಗಿ ಬೆಚ್ಚಿದೆ. ಯಾಕೆಂದರೆ ಇಂಟಿಗ್ರಲ್‌ನ ಬೆಲೆ −1 ಅನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ. ಅದು ಸರಿಯಾಗಿದ್ದೂ ಮೊತ್ತ ಇನ್ನೆಲ್ಲೋ ಹೋಗಬಹುದು. ಹಾಗಾದರೆ ನಮ್ಮ ಲೆಕ್ಕದಲ್ಲಿ ಬಲ ತುದಿಗಳ ಮೊತ್ತ −1ಕ್ಕೇ ಹೋಗುವುದಕ್ಕೆ ಅದರದ್ದೇ ಆದ ಒಂದು ಕಾರಣ ಬೇಕು.

ನೋಟ್‌ಬುಕ್ ಅಡ್ಡ ತಿರುಗಿಸಿದ್ದು

ಮುಂದಿನ ಭಾನುವಾರ ಮತ್ತೆ ಮಂಡ್ಯಕ್ಕೆ ಹೋದೆ. ಈ ಸಲ ಗ್ರಾಫ್ ಶೀಟ್ ತೆಗೆದುಕೊಂಡು ಹೋಗಿದ್ದೆ. "ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೀನಿ ಕೂತ್ಕೊ" ಅಂದರೆ ಅಕ್ಕ ಒಳಗಿಂದ, "ಮೊದಲು ಕಾಫಿ ಕುಡೀರಿ ಇಬ್ರೂ" ಅಂದಳು. ಕಾಫಿ ಆರಿತು.

ಮೊದಲು ಇಂಟಿಗ್ರಲ್‌ಗೆ ಬೆಲೆ ಇದೆ ಅನ್ನುವುದು. ln x-ನ ಗೆರೆ ಎಳೆದೆ. ಒಂದರಲ್ಲಿ ಅದು ಸೊನ್ನೆ, ಎಡಕ್ಕೆ ಹೋದಂತೆ ಕೆಳಗಿಳಿಯುತ್ತಾ y ಅಕ್ಷದ ಪಕ್ಕದಲ್ಲಿ ಬಾವಿಗೆ ಬಿದ್ದ ಹಗ್ಗದ ಹಾಗೆ ಕೆಳಕ್ಕೆ ಹೋಗುತ್ತದೆ. "ಈ ಬಾವಿಗೆ ತಳ ಇಲ್ಲ ಮಾವ, ಒಳಗೆ ಎಷ್ಟು ಜಾಗ ಇದೆ ಅಂತ ಹೆಂಗೆ ಅಳೀತೀಯ?" ಅಂದಳು. ಶೀಟನ್ನು ಅಡ್ಡಕ್ಕೆ ತಿರುಗಿಸಿದೆ. ಆಳವನ್ನು t ಅಂತ ಕರೆದರೆ, ಆ ಆಳದಲ್ಲಿ ಬಾವಿಯ ಅಗಲ e^(−t). ಒಂದು ಮೆಟ್ಟಿಲು ಇಳಿದರೆ ಅಗಲ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಉಳಿಯುತ್ತದೆ, ಇನ್ನೊಂದು ಇಳಿದರೆ ಅದರಲ್ಲೂ ಅಷ್ಟೇ ಪಾಲು. ಹತ್ತು ಇಳಿದರೆ ಅಗಲ 0.0000454. ಸೊನ್ನೆಯಿಂದ ಕೊನೆಯಿಲ್ಲದ ತನಕ e^(−t)-ಯ ಇಂಟಿಗ್ರಲ್ ಸರಿಯಾಗಿ 1. ಆಳಕ್ಕೆ ಕೊನೆ ಇಲ್ಲ, ಆದರೆ ಒಳಗಿರುವ ಜಾಗ ಒಂದೇ ಒಂದು ಚದರ. ಗೆರೆ ಅಕ್ಷದ ಕೆಳಗಿರುವುದರಿಂದ −1. ಅವಳು ಶೀಟನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದು ಅವಳಿಗೆ ಇಷ್ಟವಾಯಿತು ಅಂತ ಮುಖದಲ್ಲೇ ಕಾಣುತ್ತಿತ್ತು.

ಆಮೇಲೆ ಮೊತ್ತದ ವಿಷಯ. ಹತ್ತು ಪಟ್ಟಿ ಮಾಡಿ ಮೊದಲ ಪಟ್ಟಿಯನ್ನು ಮಾತ್ರ ನೋಡೋಣ ಅಂದೆ, ತೊಂದರೆ ಇರುವುದೇ ಅಲ್ಲಿ ಅಲ್ವಾ. ಸೊನ್ನೆಯಿಂದ 0.1ರ ತನಕ. ನಮ್ಮ ಮೊತ್ತ ಅಲ್ಲಿ ತೆಗೆದುಕೊಳ್ಳುವುದು 0.1 × ln 0.1, ಅಂದರೆ −0.2303. ನಿಜವಾದ ಜಾಗ ಎಷ್ಟು? ln x-ನ ಇಂಟಿಗ್ರಲ್ x ln x − x. ಸೊನ್ನೆಯ ಕಡೆ x ln x ಕೂಡ ಸೊನ್ನೆಗೆ ಹೋಗುತ್ತದೆ (x = e^(−t) ಅಂದರೆ ಅದು −t·e^(−t), ಅಗಲ ಕುಗ್ಗುವ ವೇಗದ ಮುಂದೆ ಆಳ ಬೆಳೆಯುವ ವೇಗ ಏನೂ ಅಲ್ಲ). ಹಾಗಾಗಿ ಉಳಿಯುವುದು 0.1 × ln 0.1 − 0.1, ಅಂದರೆ −0.3303. ವ್ಯತ್ಯಾಸ ಸರಿಯಾಗಿ 0.1. "ಇದು ಕಾಕತಾಳೀಯನಾ?" ಅಂದಳು. ಅಲ್ಲ. n ಪಟ್ಟಿ ಮಾಡಿದರೆ ಮೊದಲ ಪಟ್ಟಿಯಲ್ಲಿ ಮೊತ್ತ ಬಿಟ್ಟುಹೋಗುವ ಜಾಗ ಯಾವಾಗಲೂ ಸರಿಯಾಗಿ 1/n. ತಳವಿಲ್ಲದ ಬಾವಿಯ ಪೂರ್ತಿ ಬಾಲ ಅಷ್ಟರೊಳಗೆ ಅಡಗಿದೆ. ನೂರು ಪಟ್ಟಿ ಮಾಡಿದರೆ 0.01, ಸಾವಿರ ಮಾಡಿದರೆ 0.001.

ಇನ್ನುಳಿದ ಪಟ್ಟಿಗಳನ್ನು ಒಂದೊಂದಾಗಿ ಅಳೆಯಬೇಕಾಗಿಲ್ಲ. ಇಲ್ಲಿ ಒಂದು ಸಣ್ಣ ವಿಷಯ ಎಲ್ಲ ಕೆಲಸ ಮಾಡುತ್ತದೆ: ln x ಎಡದಿಂದ ಬಲಕ್ಕೆ ಏರುತ್ತಲೇ ಹೋಗುತ್ತದೆ, ಎಲ್ಲೂ ಇಳಿಯುವುದಿಲ್ಲ. ಹಾಗಾಗಿ ಬಲ ತುದಿಯ ಬೆಲೆ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತದೆ. ಎಲ್ಲ ಪಟ್ಟಿ ಕೂಡಿದರೆ ಮೊತ್ತ −1ಕ್ಕಿಂತ ಕೆಳಗೆ ಹೋಗಲಾರದು. ಅದೇ ಬಿಂದುವನ್ನು ಅದರ ಬಲಗಡೆ ಪಟ್ಟಿಯ ಎಡ ತುದಿ ಅಂತ ನೋಡಿ. ಆಗ ಅದು ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇರುವ ಬೆಲೆ. ಕೊನೆಯ ಬಿಂದು 1ರಲ್ಲಿ ಲಾಗ್ ಸೊನ್ನೆ, ಅದನ್ನು ಬಿಟ್ಟರೂ ನಷ್ಟವಿಲ್ಲ. ಹಾಗಾಗಿ ಅದೇ ಮೊತ್ತ 1/n-ನಿಂದ 1ರ ತನಕದ ಇಂಟಿಗ್ರಲ್‌ಗಿಂತ ಮೇಲೆ ಹೋಗಲಾರದು. ಈ ಇಂಟಿಗ್ರಲ್ ಸೊನ್ನೆಯನ್ನು ಮುಟ್ಟುವುದೇ ಇಲ್ಲ, ಪುಸ್ತಕದ ಮಾಮೂಲಿ ಇಂಟಿಗ್ರಲ್. ಎರಡನ್ನೂ ಸೇರಿಸಿ ಬರೆದರೆ:

−1 ≤ ln a_n ≤ −1 + (1 + ln n)/n

ಬಲಗಡೆಯ ಹೆಚ್ಚುವರಿ ತುಣುಕು ಸೊನ್ನೆಗೆ ಹೋಗುತ್ತದೆ, ಯಾಕೆಂದರೆ n ಬೆಳೆಯುವ ಮುಂದೆ ln n ತೆವಳುತ್ತದೆ. ನಡುವೆ ಸಿಕ್ಕಿಕೊಂಡ ln a_n-ಗೆ −1 ಬಿಟ್ಟು ಬೇರೆ ದಾರಿ ಇಲ್ಲ. ಪಾಠದಲ್ಲಿ ಸ್ಯಾಂಡ್‌ವಿಚ್ ಪ್ರಮೇಯ ಅಂತ ಬರುತ್ತದಲ್ಲ, ಅದೇ.

"ಏರುತ್ತಾ ಹೋಗೋದು ಯಾಕೆ ಅಷ್ಟು ಮುಖ್ಯ?" ಅಂತ ಅವಳು ಕೇಳಿದ್ದಕ್ಕೆ ಇನ್ನೊಂದು ಚಿತ್ರ ಹಾಕಿದೆ. ಉದ್ದಕ್ಕೂ ಸೊನ್ನೆಯಾಗಿರುವ ಒಂದು ಗೆರೆ, ಆದರೆ 1/2, 1/3, 1/4 ಹೀಗೆ ಪ್ರತಿ 1/n ಹತ್ತಿರ ಸೂಜಿಯಂತೆ ಒಂದು ಮೊನೆ, ಎತ್ತರ n², ಅಗಲ ಮಾತ್ರ ನಮಗೆ ಬೇಕಾದಷ್ಟು ಸಣ್ಣ. ಅಗಲವನ್ನು ಸಾಕಷ್ಟು ಕಡಿಮೆ ಮಾಡಿದರೆ ಎಲ್ಲ ಸೂಜಿಗಳ ಜಾಗ ಸೇರಿದರೂ ಚಿಟಿಕೆಯಷ್ಟು. ಆದರೆ n ಪಟ್ಟಿಯ ಬಲ ತುದಿ ಮೊತ್ತ ಮೊದಲ ಹೆಜ್ಜೆಯಲ್ಲೇ 1/n ಮೇಲಿನ ಸೂಜಿಯನ್ನು ಮುಟ್ಟುತ್ತದೆ, ಅಲ್ಲಿಂದಲೇ (1/n) × n² = n ಬಂದುಬಿಡುತ್ತದೆ. ಇಂಟಿಗ್ರಲ್ ಸಣ್ಣದು, ಮೊತ್ತ ಓಡಿಹೋಗುತ್ತದೆ. ಒಂದೇ ದಿಕ್ಕಿನಲ್ಲಿ ಏರುವ ಫಂಕ್ಷನ್‌ನಲ್ಲಿ ಇಂಥ ಸೂಜಿಗೆ ಜಾಗವೇ ಇಲ್ಲ. ಎಡದ e^(−n) ಆಟ ಕೂಡ ಬಲ ತುದಿಯಲ್ಲಿ ನಡೆಯುವುದಿಲ್ಲ, ಯಾಕೆಂದರೆ 1/n-ನಲ್ಲಿ ಲಾಗ್ ಬರೀ −ln n, ಅದನ್ನು n-ನಿಂದ ಭಾಗಿಸಿದರೆ ಕರಗಿಹೋಗುತ್ತದೆ.

ಎಷ್ಟು ನಿಧಾನ

ಇಷ್ಟಾದ ಮೇಲೆ ಅವಳಿಗೆ ಸಂಖ್ಯೆ ಹಾಕಿ ನೋಡುವ ಆಸೆ. ಅವಳ ಅಣ್ಣನ ಇಂಜಿನಿಯರಿಂಗ್ ಕ್ಯಾಲ್ಕುಲೇಟರ್ ತಂದಳು. n = 10 ಹಾಕಿದರೆ 10! ಅಂದರೆ 36,28,800, ಅದರ ಹತ್ತನೇ ಮೂಲ 4.5287, ಹತ್ತರಿಂದ ಭಾಗಿಸಿದರೆ 0.4529. "ಮಾವ, 0.3679 ಎಲ್ಲಿ, ಇದೆಲ್ಲಿ?" ಅಂದಳು. ನೂರು ಹಾಕಿದಳು, ಎರರ್ ಬಂತು. ಕಡಿಮೆ ಮಾಡುತ್ತಾ ಬಂದಳು. 70ಕ್ಕೂ ಎರರ್, 69ಕ್ಕೆ ಉತ್ತರ. ಅಂಥ ಕ್ಯಾಲ್ಕುಲೇಟರ್‌ಗಳಲ್ಲಿ 10ರ ನೂರನೇ ಘಾತ ಹಿಡಿಸುವುದಿಲ್ಲ. 69! ಸುಮಾರು 1.711 × 10^98, ಒಳಗೆ ಕೂರುತ್ತದೆ. 70! ಅದನ್ನು ದಾಟುತ್ತದೆ. 69ರಲ್ಲಿ a_n 0.3844. ಕಂಪ್ಯೂಟರ್‌ನಲ್ಲಿ ಸಾಮಾನ್ಯ ದಶಮಾಂಶ ಸಂಖ್ಯೆಗಳಲ್ಲಿ ಮಾಡಿದರೂ ಇದೇ ಕಥೆ, 170! ತನಕ ಹೋಗುತ್ತದೆ, 171! ಹಿಡಿಸುವುದಿಲ್ಲ. ದಾರಿ ನಾವು ಈಗಾಗಲೇ ಮಾಡಿದ್ದೇ: ಫ್ಯಾಕ್ಟೋರಿಯಲ್ ಕಟ್ಟುವುದೇ ಬೇಡ, ಲಾಗ್‌ಗಳನ್ನು ಕೂಡಿ. ಮೈಸೂರಿಗೆ ಬಂದ ಮೇಲೆ ಅವಳಿಗೆ ಇಷ್ಟು ಬರೆದು ಕಳಿಸಿದೆ.

```python
import math
n = 1000
s = sum(math.log(k / n) for k in range(1, n + 1))
print(math.exp(s / n))
```

ನೂರಕ್ಕೆ 0.3799 ಬರುತ್ತದೆ, ಸಾವಿರಕ್ಕೆ 0.3695. ಸಾವಿರ ಸಂಖ್ಯೆ ಗುಣಿಸಿದ ಮೇಲೂ ಎರಡನೇ ದಶಮಾಂಶದ ನಂತರ ಇನ್ನೂ ಹೊಂದಿಕೊಂಡಿಲ್ಲ. ನಮ್ಮ ಸ್ಯಾಂಡ್‌ವಿಚ್ ಇದನ್ನು ಮೊದಲೇ ಹೇಳಿತ್ತು: ತಪ್ಪು (1 + ln n)/n ಒಳಗೆ ಇರುತ್ತದೆ. ನಿಜವಾದ ತಪ್ಪು ಸುಮಾರು ಅದರ ಅರ್ಧಕ್ಕೆ ಹತ್ತಿರ. ಹತ್ತರಲ್ಲಿ ln a_n −0.7921, ಅಂದರೆ −1ರಿಂದ 0.2079 ದೂರ. ಅದರಲ್ಲಿ 0.1 ಮೊದಲ ಪಟ್ಟಿ ಒಂದರಿಂದಲೇ, ಉಳಿದ ಒಂಬತ್ತೂ ಸೇರಿ 0.1079. ಅವಳು ಹೆದರಿದ್ದ ಸೊನ್ನೆಯ ಪಕ್ಕದ ಪಟ್ಟಿ ಹತ್ತರಲ್ಲಿ ಸುಮಾರು ಅರ್ಧ ತಪ್ಪಿಗೆ ಕಾರಣ. n ಬೆಳೆದಂತೆ ಅದರ ಪಾಲು ಇನ್ನೂ ಕಡಿಮೆಯಾಗುತ್ತದೆ.

ಎರಡು ದಿನ ಬಿಟ್ಟು ರಾತ್ರಿ ಫೋನ್ ಮಾಡಿದಳು. a_n 1/e ಕಡೆಗೆ ಹೋದರೆ n! ಅನ್ನೋದು (n/e)^n ಅಂತ ಬರೆದುಬಿಡಬಹುದಾ ಅಂತ. ಹೀಗೆ ತಿರುಗಿಸುವುದು ತುಂಬಾ ಸಹಜ, ಮತ್ತು ತಪ್ಪು. (10/e)^10 ಅಂದರೆ 4,53,999. ನಿಜವಾದ 10! ಅದರ ಸುಮಾರು ಎಂಟು ಪಟ್ಟು. ನೂರರಲ್ಲಿ ವ್ಯತ್ಯಾಸ 25 ಪಟ್ಟು, ಹೋಗ್ತಾ ಹೋಗ್ತಾ ಜಾಸ್ತಿಯೇ ಆಗುತ್ತದೆ. n-ನೇ ಮೂಲ ಇದನ್ನೆಲ್ಲ ಮುಚ್ಚಿಬಿಡುತ್ತದೆ: ಎಂಟರ ಹತ್ತನೇ ಮೂಲ 1.23, ಇಪ್ಪತ್ತೈದರ ನೂರನೇ ಮೂಲ 1.03. ನಮ್ಮ ಸ್ಯಾಂಡ್‌ವಿಚ್‌ನಿಂದ ಲಾಗ್ ತೆಗೆದು ಬರೆದರೆ n! ಇರುವುದು (n/e)^n-ಗೂ ಅದರ e × n ಪಟ್ಟು ಬೆಲೆಗೂ ನಡುವೆ ಅಂತ ಮಾತ್ರ ಗೊತ್ತಾಗುತ್ತದೆ. ಹತ್ತಕ್ಕೆ ಅಂದರೆ 4,53,999 ಮತ್ತು 1,23,40,980ರ ನಡುವೆ ಎಲ್ಲೋ. ಸರಿಯಾದ ಪಟ್ಟು ಸುಮಾರು 2πn-ನ ವರ್ಗಮೂಲ. ಅದು 1730ರಲ್ಲಿ ಪುಸ್ತಕ ಪ್ರಕಟಿಸಿದ ಸ್ಟರ್ಲಿಂಗ್ ಹೆಸರಿನಲ್ಲಿರುವ ಸೂತ್ರ. ಅದಕ್ಕೆ ಪಟ್ಟಿಗಳ ಬಲ ತುದಿ ಸಾಲದು, ಪ್ರತಿ ಪಟ್ಟಿಯ ಮೇಲೆ ಉಳಿಯುವ ಆ ಸಣ್ಣ ತ್ರಿಕೋನಗಳನ್ನೂ ಅಳೆಯಬೇಕು.

"ಹಂಗಾದ್ರೆ ಆ ತ್ರಿಕೋನ ಯಾವಾಗ?" ಅಂದಳು. ಬರುವ ಭಾನುವಾರ ಅಂತ ಹೇಳಿದ್ದೇನೆ. ಗ್ರಾಫ್ ಶೀಟ್ ಅವಳೇ ತಂದಿಟ್ಟಿರುತ್ತಾಳಂತೆ.